ಒಂದೇ ನೆಕ್ಲೆಸ್, ಎರಡು ಚೀಟಿ: ಬ್ಯಾಂಕೋ, ಫೈನಾನ್ಸೋ?

ಬಂಗಾರ ಅಡ ಇಡುವುದಾದರೆ ನಾನು ಈಗ ಬ್ಯಾಂಕಿಗೇ ಹೋಗುತ್ತೇನೆ. ಅಲ್ಲಿ ಬಡ್ಡಿ ಕಡಿಮೆ ಅನ್ನುವುದು ದಾವಣಗೆರೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನು ಹೇಳೋಕೆ ಇಷ್ಟುದ್ದ ಬರೆಯಬೇಕಿರಲಿಲ್ಲ. ನನ್ನ ತಲೆ ಕೆಡಿಸಿದ್ದು ಒಡವೆಯ ತೂಕ, ಶುದ್ಧತೆ, ಮೌಲ್ಯ ಬರೆದುಕೊಡುವ ಅಪ್ರೈಸಲ್ ಚೀಟಿ.

ನಮ್ಮನೆಯವಳದೊಂದು ಹಳೇ ಕಲ್ಲಿನ ನೆಕ್ಲೆಸ್ ಇದೆ. ಮೆಕ್ಕೆಜೋಳದ ಬೀಜ, ಗೊಬ್ಬರಕ್ಕೆ ಅಂತ ಒಂದು ಮುಂಗಾರಿನಲ್ಲಿ ಅದನ್ನು ಪಿ.ಬಿ. ರಸ್ತೆಯ ಒಂದು ಫೈನಾನ್ಸ್ ಕಂಪನಿಯಲ್ಲಿ ಇಟ್ಟಿದ್ದೆ. ಬಿಡಿಸಿಕೊಂಡು ಬಂದು, ಮುಂದಿನ ಮುಂಗಾರಿನಲ್ಲಿ ಅದನ್ನೇ ಬ್ಯಾಂಕಿನಲ್ಲಿ ಇಟ್ಟೆ. ಜೊತೆಗೆ ಒಂದು ಸರವೂ ಇತ್ತು. ಅದಕ್ಕೆ ಹಾಲ್‌ಮಾರ್ಕ್ ಇದ್ದಿದ್ದರಿಂದ ಎರಡೂ ಕಡೆ ಒಂದೇ ತೂಕ, ಒಂದೇ 22 ಕ್ಯಾರೆಟ್ ಬರೆದರು. ಹಾಗಾಗಿ ಸರದ ಮಾತು ಇಲ್ಲಿಗೇ ಬಿಡೋಣ. ತಕರಾರು ಇದ್ದದ್ದು ನೆಕ್ಲೆಸ್‌ದು.

ಎರಡು ವರ್ಷದಲ್ಲಿ ಬಂಗಾರದ ದರ ಬೇರೆ ಬೇರೆ ಇತ್ತು. ಹೋಲಿಸಲು ಸುಲಭವಾಗಲಿ ಅಂತ ಎರಡೂ ಚೀಟಿಯನ್ನು 22 ಕ್ಯಾರೆಟ್ ಗ್ರಾಮಿಗೆ 10,000 ರೂಪಾಯಿ ಅನ್ನುವ ಒಂದೇ ದರಕ್ಕೆ ತಂದು ಲೆಕ್ಕ ಹಾಕಿದ್ದೇನೆ.

ಒಟ್ಟು ತೂಕದಲ್ಲಿ ಜಗಳವಿಲ್ಲ. ಎರಡೂ ಕಡೆ 18.00 ಗ್ರಾಂ. ಅದರ ಪಕ್ಕದ ಕಾಲಂನಿಂದ ಆಟ ಶುರು. ಕಲ್ಲು, ಅರಗು, ದಾರ ಇವುಗಳ ತೂಕ ಕಳೆಯುವ ಕಾಲಂ ಅದು. ಬ್ಯಾಂಕಿನ ಚೀಟಿಯಲ್ಲಿ ಅಲ್ಲಿ 3.20 ಗ್ರಾಂ ಇದೆ, ಫೈನಾನ್ಸ್ ಚೀಟಿಯಲ್ಲಿ 4.50.

ಬ್ಯಾಂಕಿನ ಅಪ್ರೈಸರ್ ವಯಸ್ಸಾದ ಅಕ್ಕಸಾಲಿಗರು. ನೆಕ್ಲೆಸ್ ತಿರುಗಿಸಿ, "ನೋಡಪ್ಪಾ, ಈ ಪದಕದ ಹಿಂದೆ ಅರಗು ತುಂಬಿದ್ದಾರೆ, ಇದನ್ನ ಬಂಗಾರ ಅಂತ ಹೆಂಗೆ ಬರೀಲಿ?" ಅಂದರು. ಕಲ್ಲು ಎಣಿಸಿದರು. ಅಂಗಡಿಯ ಹಳೇ ಬಿಲ್ ಇದೆಯಾ ಅಂತ ಕೇಳಿದರು. ಬಿಲ್‌ನಲ್ಲಿ ಕಲ್ಲು, ಅರಗು ಸೇರಿ 3.10 ಅಂತ ಇತ್ತು. ಕಟ್ಟಿದ ದಾರಕ್ಕೆ ಇನ್ನು ಸ್ವಲ್ಪ ಸೇರಿಸಿ 3.20 ಬರೆದರು. ಆ ಸಂಖ್ಯೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು.

ಫೈನಾನ್ಸ್‌ನವರ 4.50 ಎಲ್ಲಿಂದ ಬಂತು? 18 ಗ್ರಾಮಿನ ಸರಿಯಾಗಿ ಕಾಲು ಭಾಗ. ಕೇಳಿದ್ದಕ್ಕೆ ಕೌಂಟರ್‌ನ ಹುಡುಗ, "ಕಲ್ಲಿನ ಒಡವೆಗೆ ನಮ್ಮಲ್ಲಿ 25 ಪರ್ಸೆಂಟ್ ತೆಗೆಯೋದೇ ಸರ್" ಅಂದ. ಅಂದರೆ ಅವರು ಕಲ್ಲನ್ನು ನೋಡಿಯೇ ಇಲ್ಲ. ನಿಮ್ಮ ಚೀಟಿಯಲ್ಲಿ ಈ ಕಡಿತವನ್ನು ಒಟ್ಟು ತೂಕದಿಂದ ಭಾಗಿಸಿ ನೋಡಿ. ಸರಿಯಾಗಿ 20 ಅಥವಾ 25 ಪರ್ಸೆಂಟ್ ಬಂದರೆ, ಅದು ಹೆಚ್ಚಾಗಿ ಅಳೆದು ಬರೆದದ್ದಲ್ಲ, ರೂಢಿಯ ಮೇಲೆ ಬರೆದದ್ದು.

ಆಯಿತು, ನಿವ್ವಳ ತೂಕ ಬ್ಯಾಂಕಿನಲ್ಲಿ 14.80, ಫೈನಾನ್ಸ್‌ನಲ್ಲಿ 13.50. ಮುಂದೆ ಶುದ್ಧತೆ. ನೆಕ್ಲೆಸ್‌ಗೆ ಹಾಲ್‌ಮಾರ್ಕ್ ಇಲ್ಲ, ಒರೆಗಲ್ಲಿಗೆ ಉಜ್ಜಿ ಆಸಿಡ್ ಹಾಕಿ ನೋಡಿದರು. ಎರಡೂ ಕಡೆ 20 ಕ್ಯಾರೆಟ್ ಬಂತು. ಹಳೇ ಕಲ್ಲಿನ ಒಡವೆಯಲ್ಲಿ ಬೆಸುಗೆ ಜಾಸ್ತಿ, ಅಷ್ಟು ಇಳಿಯುವುದು ಸಹಜವೇ. ಕೊಕ್ಕೆಯ ಹತ್ತಿರ, ಬೆಸುಗೆ ಇರುವ ಜಾಗದಲ್ಲೇ ಉಜ್ಜಿದರೆ ಇನ್ನೂ ಕಡಿಮೆ ತೋರಿಸುತ್ತದೆ. ಎರಡು ಮೂರು ಕಡೆ ಉಜ್ಜಿ ಅಂತ ಕೇಳಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ಬರುವುದೇ ನನ್ನ ನಿದ್ದೆ ಕೆಡಿಸಿದ ವಿಷಯ. 20 ಕ್ಯಾರೆಟ್ ಬಂಗಾರಕ್ಕೆ ಬೆಲೆ ಕಟ್ಟಲು ಎರಡು ದಾರಿ ಇವೆ. ಒಂದು, ತೂಕವನ್ನು 22 ಕ್ಯಾರೆಟ್‌ಗೆ ಇಳಿಸಿ, 22ರ ದರ ಹಾಕುವುದು. ಇನ್ನೊಂದು, ತೂಕ ಹಾಗೇ ಇಟ್ಟು 20 ಕ್ಯಾರೆಟ್‌ನ ದರ ಹಾಕುವುದು. ಯಾವುದು ಮಾಡಿದರೂ ಉತ್ತರ ಒಂದೇ. ಬ್ಯಾಂಕಿನವರು ಮೊದಲನೆಯದು ಮಾಡಿದ್ದರು: 14.80 ಗ್ರಾಮನ್ನು 20ರಿಂದ ಗುಣಿಸಿ 22ರಿಂದ ಭಾಗಿಸಿದರೆ 13.45 ಗ್ರಾಂ. 10,000 ದರಕ್ಕೆ 1,34,500 ರೂಪಾಯಿ.

ಫೈನಾನ್ಸ್ ಚೀಟಿಯಲ್ಲಿ 13.50 ಗ್ರಾಮಿನ ಮುಂದೆ ಇನ್ನೊಂದು ಕಾಲಂ ಇತ್ತು, ಅದರಲ್ಲಿ 12.27 ಗ್ರಾಂ. ಇದು 22 ಕ್ಯಾರೆಟ್‌ಗೆ ಇಳಿಸಿದ ತೂಕ, ಸರಿಯಾಗಿಯೇ ಇದೆ. ಇದಕ್ಕೆ 10,000 ದರ ಹಾಕಿದ್ದರೆ 1,22,700 ಆಗಬೇಕಿತ್ತು. ಆದರೆ ಅವರು ಹಾಕಿದ್ದು 20 ಕ್ಯಾರೆಟ್‌ನ ದರ, 9,090. ಬಂದ ಮೌಲ್ಯ 1,11,534. ಒಂದೇ ಶುದ್ಧತೆಯ ಕೊರತೆಗೆ ತೂಕದಲ್ಲೊಮ್ಮೆ, ದರದಲ್ಲೊಮ್ಮೆ ಕತ್ತರಿ ಬಿತ್ತು. ಮಂಡಿಯಲ್ಲಿ ಮೆಕ್ಕೆಜೋಳ ಹಸಿ ಇದೆ ಅಂತ ತೂಕವನ್ನೂ ಕಡಿದು, ಕ್ವಿಂಟಾಲಿನ ರೇಟನ್ನೂ ಇಳಿಸಿದರೆ ನಾವು ಸುಮ್ನೆ ಇರ್ತೀವಾ? ಇಲ್ಲಿ ಎಸಿ ರೂಮು, ಕಂಪ್ಯೂಟರ್ ಚೀಟಿ ಇರುವುದರಿಂದ ಸುಮ್ಮನಾಗುತ್ತೇವೆ.

ಇದನ್ನು ಹಿಡಿಯಲು ಮಧ್ಯದ ಕಾಲಂಗಳ ಗೋಜಿಗೇ ಹೋಗಬೇಡಿ. ಚೀಟಿಯ ಮೌಲ್ಯವನ್ನು ಕಲ್ಲು ಕಳೆದ ನಿವ್ವಳ ತೂಕದಿಂದ ಭಾಗಿಸಿ. 1,11,534 ಭಾಗಿಸು 13.50 ಅಂದರೆ ಗ್ರಾಮಿಗೆ ಸುಮಾರು 8,262. ಇದನ್ನು 22ರಿಂದ ಗುಣಿಸಿ, ಚೀಟಿಯಲ್ಲಿರುವ 22 ಕ್ಯಾರೆಟ್ ದರದಿಂದ ಭಾಗಿಸಿ. 18.2 ಬರುತ್ತದೆ. ಚೀಟಿ ಬಾಯಲ್ಲಿ 20 ಕ್ಯಾರೆಟ್ ಅನ್ನುತ್ತದೆ, ದುಡ್ಡು ಕಟ್ಟಿದ್ದು 18.2 ಕ್ಯಾರೆಟ್‌ಗೆ. ಬ್ಯಾಂಕಿನ ಚೀಟಿಗೆ ಇದೇ ಲೆಕ್ಕ ಮಾಡಿದೆ: 1,34,500 ಭಾಗಿಸು 14.80, ಗ್ರಾಮಿಗೆ 9,088. ಅಲ್ಲಿಂದ 20 ಕ್ಯಾರೆಟ್ ಬಂತು. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಸಹಿ ಹಾಕುವ ಮೊದಲೇ ಮುಗಿಯುವ ಕೆಲಸ.

ಒಟ್ಟು ವ್ಯತ್ಯಾಸ ಸುಮಾರು 23,000 ರೂಪಾಯಿ. ಹೆಚ್ಚುಕಡಿಮೆ ಅರ್ಧ ಕಲ್ಲಿನ ಕಡಿತದಿಂದ, ಇನ್ನರ್ಧ ಈ ಎರಡು ಸಲದ ಕತ್ತರಿಯಿಂದ.

"ಬಂಗಾರ ಹೆಂಗೂ ವಾಪಸ್ ಬರುತ್ತಲ್ಲ ಮಾವ, ಕಡಿಮೆ ಬೆಲೆ ಕಟ್ಟಿದರೆ ಏನಾತು?" ಅಂತ ನನ್ನ ಅಳಿಯ ಕೇಳಿದ. ಸಾಲ ಕಡಿಮೆ ಸಿಗುತ್ತದೆ, ಅದು ಮೊದಲನೆಯದು. ಕಟ್ಟಲಾಗದೆ ಹರಾಜಿಗೆ ಹೋದರೆ, ಒಡವೆ ಕಳೆದುಹೋದರೆ, ಆಗ ಮಾತಾಡುವುದು ಈ ಚೀಟಿಯೇ. ಅದರಲ್ಲಿ 13.50 ಗ್ರಾಂ ಅಂತ ನಾವೇ ಸಹಿ ಹಾಕಿರುತ್ತೇವೆ.

ಬೋರ್ಡಿನ ಮೇಲಿನ "ಗ್ರಾಮಿಗೆ ಇಷ್ಟು ಸಾಲ" ಅನ್ನುವುದನ್ನು ನಾನು ನಂಬದಿರಲು ಕಾರಣವೂ ಇದೇ. ಇದೇ 10,000 ದರದ ಲೆಕ್ಕದಲ್ಲಿ ಫೈನಾನ್ಸ್‌ನಲ್ಲಿ 22 ಕ್ಯಾರೆಟ್ ಗ್ರಾಮಿಗೆ 7,500, ಅಂದರೆ ಕಟ್ಟಿದ ಮೌಲ್ಯದ 75 ಪರ್ಸೆಂಟ್ ಕೊಟ್ಟರು, ಬ್ಯಾಂಕಿನಲ್ಲಿ 7,000, ಅಂದರೆ 70 ಪರ್ಸೆಂಟ್. ಆದರೂ ಈ ನೆಕ್ಲೆಸ್ ಮೇಲೆ ಬ್ಯಾಂಕಿನಿಂದ ಕೈಗೆ ಬರುವುದು 94,150, ಫೈನಾನ್ಸ್‌ನಿಂದ ಸುಮಾರು 83,650.

ದರದ ಬಗ್ಗೆ ಒಂದು ಮಾತು. ಚೀಟಿಯ ದರ ಬಂಗಾರದಂಗಡಿಯ ಬೋರ್ಡಿಗಿಂತ ಕಡಿಮೆ ಇದ್ದರೆ ಅದು ಮೋಸವಲ್ಲ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಹಿಂದಿನ ದಿನದ ಮುಕ್ತಾಯದ ದರ ಮತ್ತು ಕಳೆದ 30 ದಿನದ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ತೆಗೆದುಕೊಳ್ಳಬೇಕು. ದರ ಏರುತ್ತಿರುವಾಗ ಸರಾಸರಿ ಹಿಂದೆ ಬೀಳುತ್ತದೆ. ಕೂಲಿ, ಕಲ್ಲಿನ ಬೆಲೆ ಲೆಕ್ಕಕ್ಕಿಲ್ಲ. ಶುದ್ಧತೆ ಪರೀಕ್ಷೆ ಮಾಡುವಾಗ ನಾವು ಎದುರಿಗೆ ಇರಬೇಕು, ಕಲ್ಲು, ಅರಗು, ದಾರಕ್ಕೆ ಎಷ್ಟು ಕಳೆದರು ಅಂತ ಚೀಟಿಯಲ್ಲಿ ಬರೆದು ಒಂದು ಪ್ರತಿ ನಮಗೆ ಕೊಡಬೇಕು ಅನ್ನುವುದೂ ಅದೇ ನಿಯಮದಲ್ಲಿದೆ.

ಬಡ್ಡಿಗೆ ಬರೋಣ. ಫೈನಾನ್ಸ್‌ನವರು ಬಾಯಲ್ಲಿ ಹೇಳಿದ್ದು "ನೂರಕ್ಕೆ ಒಂದು ರೂಪಾಯಿ". ಚೀಟಿಯ ಹಿಂದೆ ಸಣ್ಣಕ್ಷರದಲ್ಲಿ ಮೂರು ಸಾಲು. 30 ದಿನದೊಳಗೆ ಬಡ್ಡಿ ಕಟ್ಟಿದರೆ ವರ್ಷಕ್ಕೆ 12, ಅಲ್ಲಿಂದ 90 ದಿನದವರೆಗೆ 18, ಅದು ದಾಟಿದರೆ 24. ದಾಟಿದ ಮೇಲಿನ ದಿನಗಳಿಗೆ ಮಾತ್ರ 24 ಅಲ್ಲ, ಸಾಲ ಕೊಟ್ಟ ಮೊದಲ ದಿನದಿಂದಲೇ 24. ಒಂದು ಲಕ್ಷ ತೆಗೆದು 100ನೇ ದಿನ ಬಿಡಿಸಿದರೆ ಬಡ್ಡಿ 6,575. ಒಂದು ರೂಪಾಯಿ ಬಡ್ಡಿ ಅಂತ ನಂಬಿ ಕೂತವನ ಲೆಕ್ಕದಲ್ಲಿ ಅದು 3,288. ಬ್ಯಾಂಕಿನ ನನ್ನ ಚೀಟಿಯಲ್ಲಿ ವರ್ಷಕ್ಕೆ 9 ಅಂತ ಒಂದೇ ಸಾಲು, ಅದೇ 100 ದಿನಕ್ಕೆ 2,466. ಎಲ್ಲ ಕಂಪನಿಯ ಎಲ್ಲ ಸ್ಕೀಮೂ ಹೀಗೇ ಅಂತಲ್ಲ. "ತಿಂಗಳು ತಪ್ಪಿದರೆ ಯಾವ ದರ, ಯಾವ ದಿನದಿಂದ?" ಅಂತ ಕೇಳಿ, ಉತ್ತರವನ್ನು ಚೀಟಿಯಲ್ಲೇ ತೋರಿಸಲು ಹೇಳಿ.

ಬ್ಯಾಂಕಿನಲ್ಲಿ ತೊಂದರೆ ಇಲ್ಲವಾ? ಇದೆ. ಅಪ್ರೈಸರ್ ಬರುವ ಹೊತ್ತಿಗೆ ಕಾಯಬೇಕು. ಅವರ ಫೀಸು ಬೇರೆ. ಊಟದ ಹೊತ್ತಿಗೆ ಹೋದರೆ ಆ ದಿನ ಹೋದಂತೆಯೇ. ಫೈನಾನ್ಸ್‌ನಲ್ಲಿ ಟೀ ಕುಡಿಯುವಷ್ಟರಲ್ಲಿ ದುಡ್ಡು ಅಕೌಂಟಿಗೆ ಬೀಳುತ್ತದೆ, ನಗುನಗುತ್ತಾ ಮಾತಾಡಿಸುತ್ತಾರೆ.

ನಮ್ಮೂರಿನ ಒಂದು ಸೊಸೈಟಿಯ ಚೀಟಿಯನ್ನೂ ನೋಡಿದ್ದೇನೆ. "ಬಂಗಾರದ ನೆಕ್ಲೆಸ್ 1", ತೂಕ, ಮೊತ್ತ, ಅಷ್ಟೇ. ಓದಲು ಏನೂ ಇಲ್ಲ.

ನನಗೆ ದುಡ್ಡು ಬರುವುದು ಮೆಕ್ಕೆಜೋಳ ಕೊಯ್ದು ಮಾರಿದ ಮೇಲೆ. ಜೂನ್‌ನಲ್ಲಿ ಇಟ್ಟದ್ದನ್ನು ನವೆಂಬರ್‌ಗೆ ಮುಂಚೆ ಬಿಡಿಸಲು ಆಗುವುದಿಲ್ಲ. ತಿಂಗಳು ತಿಂಗಳು ಬಡ್ಡಿ ಕಟ್ಟುವ ಶಿಸ್ತೂ ನನ್ನದಲ್ಲ. ನನ್ನಂಥವನಿಗೆ 24ರ ಸಾಲು ಗ್ಯಾರಂಟಿ, ಹಾಗಾಗಿ ಬ್ಯಾಂಕು. ಅಳಿಯನಿಗೆ ಕಿರಾಣಿ ಅಂಗಡಿ ಇದೆ, ಮಾಲು ತರಲು ದುಡ್ಡು ಬೇಕಾದಾಗ ಎರಡು ವಾರಕ್ಕೆ ಇಟ್ಟು ಬಿಡಿಸುತ್ತಾನೆ. ಅವನಿಗೆ ಬ್ಯಾಂಕಿನ ಫೀಸು, ಕಾಯುವ ಹೊತ್ತು ಎಲ್ಲ ಸೇರಿದರೆ ಫೈನಾನ್ಸೇ ಅಗ್ಗ. ಅವನು ಇಡುವುದೂ ಹಾಲ್‌ಮಾರ್ಕ್ ಇರುವ ಕಲ್ಲಿಲ್ಲದ ಬಳೆ, ಕಾಲು ಭಾಗ ಕಡಿಯಲು ಅಲ್ಲಿ ಏನೂ ಇಲ್ಲ.

ಎಲ್ಲಿಟ್ಟರೂ, ಬಿಡಿಸುವ ದಿನ ಅದೇ ತಕ್ಕಡಿಯಲ್ಲಿ ಒಟ್ಟು ತೂಕ ನೋಡಿ. ನೋಡಬೇಕಾದದ್ದು 18.00, ನಿವ್ವಳ ತೂಕವಲ್ಲ. ಪೂರ್ತಿ ಹಣ ಕಟ್ಟಿದ ಮೇಲೆ ಒಡವೆಯನ್ನು ಅವತ್ತೇ, ಹೆಚ್ಚೆಂದರೆ 7 ಕೆಲಸದ ದಿನದೊಳಗೆ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಹೊಸ ನಿಯಮ ಹೇಳುತ್ತದೆ.