ಯಂತ್ರಾನುವಾದದ ಅಂಕಿ ಪರಿಶೀಲನೆ: ಜೋಡಿ ಓದು, ತಂತ್ರಾಂಶ, ಎಕ್ಸೆಲ್ ಹಾಳೆ

ಯಂತ್ರ ಅನುವಾದಿಸಿಕೊಟ್ಟ ಹಣಕಾಸು ವರದಿಯ ಅಂಕಿಗಳನ್ನು ಪರಿಶೀಲಿಸಲು ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಾ ಹೋದಂತೆ ಇನ್ನೊಬ್ಬರು ಕನ್ನಡ ಪ್ರತಿಯಲ್ಲಿ ಟಿಕ್ ಹಾಕುವುದು ಒಂದು. ಚಂದಾ ಕಟ್ಟಿ ಪಡೆಯುವ ಅನುವಾದ ಪರಿಶೀಲನಾ ತಂತ್ರಾಂಶ ಎರಡನೆಯದು. ಎರಡೂ ಪ್ರತಿಗಳ ಅಂಕಿಗಳನ್ನು ಎಕ್ಸೆಲ್ ಹಾಳೆಗೆ ತಂದು ಲೆಕ್ಕ ಮಾಡಿಸುವುದು ಮೂರನೆಯದು. ನನ್ನ ಮತ ಎಕ್ಸೆಲ್ ಹಾಳೆಗೆ. ತಂತ್ರಾಂಶದ ಚಂದಾ ಮುಗಿದ ಮೇಲೆ ಮತ್ತೆ ಕಟ್ಟಲಿಲ್ಲ. ಏಕೆ ಎಂಬುದನ್ನು ಒಂದು ಕೆಲಸದ ಮೂಲಕ ಹೇಳುತ್ತೇನೆ.

ಕಲಬುರಗಿಯಲ್ಲಿ ತೊಗರಿ ಸಂಸ್ಕರಣೆ ಮಾಡುವ ಒಂದು ಕಂಪನಿಯ ವಾರ್ಷಿಕ ವರದಿ ನನ್ನ ಬಳಿ ಬಂದಿತ್ತು. ಮೂಲದ ಅಂಕಿಗಳೆಲ್ಲ ಮಿಲಿಯನ್ ರೂಪಾಯಿಗಳಲ್ಲಿ. ಆದರೆ ಅದನ್ನು ಓದಬೇಕಾದ ಷೇರುದಾರರು ಆಳಂದ, ಸೇಡಂ, ಚಿತ್ತಾಪುರ ಕಡೆಯವರು. ಎಪಿಎಂಸಿ ಯಾರ್ಡಿನಲ್ಲಿ ಲಕ್ಷ, ಕೋಟಿ ಬಿಟ್ಟು ಬೇರೆ ಲೆಕ್ಕ ಮಾತನಾಡುವವರಿಲ್ಲ. ಹಾಗಾಗಿ ಕನ್ನಡ ಪ್ರತಿಯಲ್ಲಿ ಎಲ್ಲವೂ ಲಕ್ಷದಲ್ಲಿರಲಿ ಎಂದು ಕಂಪನಿ ಕೇಳಿತ್ತು. ಕೋಟಿಗಿಂತ ಲಕ್ಷವೇ ವಾಸಿ ಎಂದು ನಾನೂ ಹೇಳಿದ್ದೆ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ, 184.6 ಮಿಲಿಯನ್ ಏನೂ ಕಳೆದುಕೊಳ್ಳದೆ 1,846 ಲಕ್ಷವಾಗುತ್ತದೆ. ಕೋಟಿಗೆ ತಂದರೆ 18.46; ಅದನ್ನು ಒಂದೇ ದಶಾಂಶಕ್ಕೆ ಇಳಿಸಿದರೆ ಮೊತ್ತಗಳು ಅಲ್ಲಲ್ಲಿ ತಾಳೆಯಾಗುವುದಿಲ್ಲ.

ಯಂತ್ರ ಮಾಡಿಕೊಟ್ಟದ್ದು ಹೀಗಿತ್ತು. ನಗದು ಹರಿವಿನ ಪಟ್ಟಿಯ ತಲೆಯ ಮೇಲೆ "₹ ಲಕ್ಷಗಳಲ್ಲಿ" ಎಂದು ಬರೆದಿತ್ತು, ಕೆಳಗಿನ ಅಂಕಿಗಳನ್ನು ಮಾತ್ರ ಮಿಲಿಯನ್‌ನಲ್ಲಿದ್ದಂತೆಯೇ ಬಿಟ್ಟಿತ್ತು. ಮೂಲದಲ್ಲಿ ಕಾರ್ಯಾಚರಣೆಯಿಂದ 184.6, ಹೂಡಿಕೆ ಚಟುವಟಿಕೆಯಲ್ಲಿ (212.3), ಹಣಕಾಸು ಚಟುವಟಿಕೆಯಿಂದ 41.9, ನಿವ್ವಳ ಹೆಚ್ಚಳ 14.2 ಎಂದಿತ್ತು. ಕನ್ನಡದಲ್ಲಿ ಎರಡನೆಯ ಸಾಲಿನ ಆವರಣ ಮಾಯವಾಗಿ ಬರೀ 212.3 ಉಳಿದಿತ್ತು. ಆವರಣದಲ್ಲಿರುವ ಅಂಕಿ ಋಣಾತ್ಮಕ, ಅಂದರೆ ಹೊರಗೆ ಹೋದ ಹಣ. ಆವರಣ ಬಿದ್ದರೆ ಹೊಸ ಯಂತ್ರ ಕೊಂಡ ಹಣ ಕಂಪನಿಗೆ ಬಂದ ಹಣದಂತೆ ಕಾಣುತ್ತದೆ.

ತಂತ್ರಾಂಶ ಇದನ್ನು ಹೇಗೆ ನೋಡಿತು? ಮೂಲದಲ್ಲಿರುವ ಅಂಕಿ ಅನುವಾದದಲ್ಲೂ ಇದೆಯೇ ಎಂಬುದಷ್ಟೇ ಅದರ ಪ್ರಶ್ನೆ. 184.6 ಇದ್ದಲ್ಲಿ 184.6 ಇದೆ, 212.3 ಇದ್ದಲ್ಲಿ 212.3 ಇದೆ. ಇಡೀ ಪಟ್ಟಿಗೆ ಅದು ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ನಾನು ಕೈಯಾರೆ 1,846, (2,123), 419, 142 ಎಂದು ಸರಿಪಡಿಸಿದೆನೋ ಇಲ್ಲವೋ, ಪ್ರತಿ ಸಾಲಿಗೂ ಕೆಂಪು ಗುರುತು ಬಿತ್ತು. ತಪ್ಪಿಗೆ ಸುಮ್ಮನಿದ್ದು ಸರಿಗೆ ಕೂಗುವ ಕಾವಲುಗಾರನಿಂದ ಏನು ಪ್ರಯೋಜನ? ಅಂಕಿಗಳನ್ನು ಬದಲಿಸಬಾರದ ಕೆಲಸಕ್ಕೆ, ಉದಾಹರಣೆಗೆ ಔಷಧದ ಪ್ರಮಾಣ ಇರುವ ಕರಪತ್ರಕ್ಕೆ, ಅದು ಒಳ್ಳೆಯದೇ. ಮಿಲಿಯನ್‌ನಿಂದ ಲಕ್ಷಕ್ಕೆ ಹೋಗುವ ವರದಿಗೆ ಅಲ್ಲ.

ಎಕ್ಸೆಲ್ ಹಾಳೆಯಲ್ಲಿ ಬಿ ಅಂಕಣಕ್ಕೆ ಮೂಲದ ಅಂಕಿ, ಸಿ ಅಂಕಣಕ್ಕೆ ಕನ್ನಡ ಪ್ರತಿಯ ಅಂಕಿ. ಪಕ್ಕದಲ್ಲಿ ಬರೆಯುವುದು ಇಷ್ಟೇ:

```
=ISNUMBER(C2)
=C2/B2
=ROUND(SUM(C2:C4)-C5,1)
```

ಎರಡನೆಯ ಸೂತ್ರವೇ ನನಗೆ ಪ್ರಾಣ. ಲಕ್ಷಕ್ಕೆ ಸರಿಯಾಗಿ ಬದಲಾದ ಪಟ್ಟಿಯಲ್ಲಿ ಈ ಅನುಪಾತ ಎಲ್ಲ ಸಾಲಿನಲ್ಲೂ 10 ಬರಬೇಕು. 1 ಬಂದರೆ ಅಂಕಿ ಬದಲಾಗಿಲ್ಲ, 0.1 ಬಂದರೆ ಯಾರೋ ಕೋಟಿಗೆ ತಂದಿದ್ದಾರೆ. ಮೈನಸ್ ಬಂದರೆ ಆವರಣ ಬಿದ್ದಿದೆ ಅಥವಾ ಹೊಸದಾಗಿ ಹುಟ್ಟಿದೆ. ಮೇಲಿನ ಪಟ್ಟಿಯಲ್ಲಿ 1, -1, 1, 1 ಎಂದು ಬಂತು. ಎರಡು ತಪ್ಪುಗಳೂ ಒಂದೇ ಅಂಕಣದಲ್ಲಿ ಸಿಕ್ಕವು. ಕಂಪನಿಗಳ ಕಾಯ್ದೆ, 2013ರ ಮೂರನೆಯ ಅನುಸೂಚಿಯ ಪ್ರಕಾರ, ಒಮ್ಮೆ ಆರಿಸಿಕೊಂಡ ಅಳತೆಯನ್ನು ಹಣಕಾಸು ಪಟ್ಟಿಗಳಲ್ಲೆಲ್ಲ ಏಕರೂಪವಾಗಿ ಬಳಸಬೇಕು. ಹಾಗಾಗಿ ಅನುಪಾತ ಒಂದೇ ಇರಬೇಕೆಂದು ಧೈರ್ಯವಾಗಿ ನಿರೀಕ್ಷಿಸಬಹುದು. ಪ್ರತಿ ಷೇರಿನ ಗಳಿಕೆ, ಷೇರುಗಳ ಸಂಖ್ಯೆ, ಶೇಕಡಾವಾರು ಇವು ಮಾತ್ರ ಹೊರತು: ಅಲ್ಲಿ ಅನುಪಾತ 1 ಇರಬೇಕು. ಇಡೀ ಪಟ್ಟಿಯನ್ನು ಕಣ್ಣುಮುಚ್ಚಿ ಹತ್ತರಿಂದ ಗುಣಿಸಿದರೆ ₹4.50 ಇದ್ದ ಪ್ರತಿ ಷೇರಿನ ಗಳಿಕೆ ₹45 ಆಗಿ ಕೂರುತ್ತದೆ.

ಮೂರನೆಯ ಸೂತ್ರ ಮೊತ್ತವನ್ನು ತಾಳೆ ನೋಡುತ್ತದೆ. ಉತ್ತರ ಸೊನ್ನೆ ಬರಬೇಕು. ಆವರಣ ಬಿದ್ದ ಪಟ್ಟಿಯಲ್ಲಿ ಮೂರು ಸಾಲುಗಳ ಮೊತ್ತ 438.8 ಆಗಿ, 14.2 ಕಳೆದ ಮೇಲೆ 424.6 ಉಳಿಯಿತು. ನಮ್ಮ ಓಣಿಯ ಕಾಕಾ ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. "ತಮ್ಮಾ, ವ್ಯತ್ಯಾಸವನ್ನು ಅರ್ಧ ಮಾಡಿ ನೋಡು, ಆ ಅಂಕಿ ಪಟ್ಟಿಯಲ್ಲಿದ್ದರೆ ಅದರ ಚಿಹ್ನೆಯೇ ತಪ್ಪಿದೆ" ಎಂದರು. 424.6ರ ಅರ್ಧ 212.3. ಕಳೆಯಬೇಕಾದ್ದನ್ನು ಕೂಡಿದರೆ ಮೊತ್ತ ಅದರ ಎರಡು ಪಟ್ಟು ಹೆಚ್ಚುತ್ತದೆ. ಅದಕ್ಕೇ ಈ ಉಪಾಯ ಫಲಿಸುತ್ತದೆ. ಅರವತ್ತು ಸಾಲುಗಳ ಟಿಪ್ಪಣಿಯಲ್ಲಿ ಬಿದ್ದ ಒಂದು ಆವರಣವನ್ನು ಹುಡುಕಲು ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ. ಎರಡು ಆವರಣ ಬಿದ್ದಿದ್ದರೆ ಮಾತ್ರ ಅರ್ಧವೂ ಎರಡು ಅಂಕಿಗಳ ಮೊತ್ತವಾಗಿರುತ್ತದೆ, ಆಗ ಅನುಪಾತದ ಅಂಕಣಕ್ಕೇ ಮರಳಬೇಕು.

ಹಾಳೆಯ ಒಂದು ಕಾಟವನ್ನು ಹೇಳಲೇಬೇಕು, ಅದೂ ಆವರಣದ್ದೇ. (212.3) ಎಂದು ಅಂಟಿಸಿದರೆ ಎಕ್ಸೆಲ್ ಅದನ್ನು -212.3 ಎಂದು ಓದಿಕೊಳ್ಳುತ್ತದೆ, ಅಲ್ಲಿಯವರೆಗೆ ಒಳ್ಳೆಯದು. ಆದರೆ ಪಿಡಿಎಫ್‌ನಿಂದ ನಕಲಿಸುವಾಗ ಮುಚ್ಚುವ ಆವರಣ ಎಷ್ಟೋ ಸಲ ಬೇರೆಯಾಗಿಬಿಡುತ್ತದೆ. ಅಂಕಿಗಳು ಬಲಕ್ಕೆ ಸಾಲಾಗಿ ನಿಲ್ಲಲಿ ಎಂದು ಮುದ್ರಣದಲ್ಲಿ ಆವರಣವನ್ನು ಅಂಕಣದ ಅಂಚಿನಾಚೆ ಇಟ್ಟಿರುತ್ತಾರೆ; ನಕಲಿಸಿದಾಗ "(212.3" ಒಂದು ಕೋಶಕ್ಕೂ ")" ಮುಂದಿನ ಕೋಶಕ್ಕೂ ಬೀಳುತ್ತವೆ. ಯಂತ್ರಾನುವಾದಕ್ಕೆ ಇಂಥ ಒಡೆದ ಪಠ್ಯವೇ ಸಿಕ್ಕರೆ ಒಂಟಿ ಆವರಣ ಉಳಿಯುವ ಭರವಸೆ ಇಲ್ಲ.

ಇನ್ನೂ ಕೆಟ್ಟದ್ದೆಂದರೆ, ಒಡೆದ ಅಂಕಿ ಎಕ್ಸೆಲ್‌ಗೆ ಅಂಕಿಯೇ ಅಲ್ಲ, ಪಠ್ಯ. SUM ಸೂತ್ರ ತನ್ನ ವ್ಯಾಪ್ತಿಯಲ್ಲಿರುವ ಪಠ್ಯವನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ, ದೋಷ ತೋರಿಸುವುದಿಲ್ಲ. ಆಗ ಮೊತ್ತ ತಪ್ಪಿದ್ದು ಅನುವಾದದಿಂದಲೋ ನಕಲಿನಿಂದಲೋ ತಿಳಿಯುವುದಿಲ್ಲ. ಮೊದಲ ಸೂತ್ರ ಇರುವುದು ಅದಕ್ಕಾಗಿ: FALSE ಎಂದು ಬಂದ ಕೋಶಗಳನ್ನೆಲ್ಲ ಸರಿಪಡಿಸಿಯೇ ಮುಂದಿನ ಕೆಲಸ. ಕಣ್ಣಿಗೂ ಗುರುತು ಸಿಗುತ್ತದೆ, ಅಂಕಿಗಳು ಬಲಕ್ಕೆ ಒರಗುತ್ತವೆ, ಪಠ್ಯ ಎಡಕ್ಕೆ. ಕನ್ನಡ ಅಂಕಿಗಳು ನುಸುಳಿದ್ದರೆ ಅವನ್ನೂ ಈ ಹಂತದಲ್ಲೇ ಬದಲಿಸುತ್ತೇನೆ.

ಇದರ ತಿರುಗುಮುರುಗು ತೊಂದರೆಯೂ ಇದೆ. "(12)" ಎಂಬುದು ಟಿಪ್ಪಣಿಯ ಸಂಖ್ಯೆಯಾಗಿದ್ದರೂ ಎಕ್ಸೆಲ್ ಅದನ್ನು -12 ಮಾಡುತ್ತದೆ. ಆದ್ದರಿಂದ ಟಿಪ್ಪಣಿ ಸಂಖ್ಯೆಯ ಅಂಕಣವನ್ನು ಮೊದಲೇ ಪಠ್ಯ ಎಂದು ಗುರುತಿಸಿ ಆಮೇಲೆ ಅಂಟಿಸಬೇಕು. ಆವರಣ ಇಲ್ಲದ್ದೆಲ್ಲ ತಪ್ಪೂ ಅಲ್ಲ: ಲಾಭ-ನಷ್ಟ ಪಟ್ಟಿಯಲ್ಲಿ ವೆಚ್ಚಗಳನ್ನು ಆವರಣವಿಲ್ಲದೆ ಬರೆದು ಕಳೆಯುವ ರೂಢಿ ಇದೆ. ವಾಕ್ಯದೊಳಗೆ "352 ಲಕ್ಷ ರೂಪಾಯಿ ನಷ್ಟ" ಎಂದು ಬರೆದಾಗ ಆವರಣ ಬೇಡವೇ ಬೇಡ.

ಹಾಳೆಗೆ ಒಂದು ಮಿತಿ ಇದೆ. ಅಳತೆಯ ಶಿರೋನಾಮೆ ಅಂಕಿಯಲ್ಲ, ಅದು ಹಾಳೆಗೆ ಕಾಣುವುದಿಲ್ಲ. ಅಂಕಿಗಳೆಲ್ಲ ಸರಿಯಾಗಿ ಲಕ್ಷಕ್ಕೆ ಬಂದು, ಶಿರೋನಾಮೆಯಲ್ಲಿ "ದಶಲಕ್ಷಗಳಲ್ಲಿ" ಎಂದು ಉಳಿದಿದ್ದರೂ ಅನುಪಾತ 10, ಮೊತ್ತದ ವ್ಯತ್ಯಾಸ ಸೊನ್ನೆ. ಇದಕ್ಕೆ ನಾನು ಷೇರು ಬಂಡವಾಳದ ಟಿಪ್ಪಣಿಯನ್ನು ಹಿಡಿಯುತ್ತೇನೆ. ಅಲ್ಲಿ ಷೇರುಗಳ ಸಂಖ್ಯೆ ಪೂರ್ಣವಾಗಿ ಇದ್ದರೆ ಸಾಕು. ಈ ಕಂಪನಿಯದು ತಲಾ ₹10ರ 4,20,00,000 ಷೇರುಗಳು. ಗುಣಿಸಿದರೆ 42 ಕೋಟಿ, ಅಂದರೆ 4,200 ಲಕ್ಷ. ಯಂತ್ರದ ಪ್ರತಿಯಲ್ಲಿ "₹ ಲಕ್ಷಗಳಲ್ಲಿ" ಎಂಬುದರ ಕೆಳಗೆ 420.0 ಇತ್ತು. ಅದು 4.2 ಕೋಟಿ. ಮೂಲ ಪ್ರತಿ ಕೈಯಲ್ಲಿಲ್ಲದಿದ್ದರೂ ಈ ಒಂದು ಗುಣಾಕಾರದಿಂದ ಹತ್ತು ಪಟ್ಟಿನ ತಪ್ಪು ಹೊರಬೀಳುತ್ತದೆ.

ಜೋಡಿ ಓದಿನ ಬಗ್ಗೆ ನನಗೆ ಗೌರವವಿದೆ, ಪಟ್ಟಿಗಳಿಗೆ ಮಾತ್ರ ಬೇಡ. ಕೆಲವು ಪುಟ ಕಳೆಯುವಷ್ಟರಲ್ಲಿ ಓದುವವರು "ಆವರಣದಲ್ಲಿ" ಎನ್ನುವುದನ್ನು ಬಿಡುತ್ತಾರೆ, ಕೇಳುವವರ ಪೆನ್ನು ತಾನಾಗಿ ಟಿಕ್ ಹಾಕುತ್ತದೆ. ಆದರೆ ಆಡಳಿತ ಮಂಡಳಿಯ ವರದಿಯಂಥ ವಾಕ್ಯಗಳ ಭಾಗಕ್ಕೆ ಅದೇ ಸರಿ. 2,350 ಮಿಲಿಯನ್ ರೂಪಾಯಿಯ ಆದಾಯವನ್ನು ಯಂತ್ರ "₹2,350 ಲಕ್ಷ" ಎಂದು ಬರೆದಿತ್ತು. ಕನ್ನಡ ಪ್ರತಿ ಹಿಡಿದು ಕುಳಿತಿದ್ದ ಕಾಕಾ ಅಲ್ಲೇ ನಿಂತು, "42 ಕೋಟಿ ಬಂಡವಾಳ ಹಾಕಿ ವರ್ಷಕ್ಕೆ ಇಪ್ಪತ್ಮೂರೂವರೆ ಕೋಟಿಯ ವ್ಯಾಪಾರವೇ? ಇಷ್ಟು ದೊಡ್ಡ ಗಿರಣಿ ಇಟ್ಟುಕೊಂಡು?" ಎಂದರು. ಸರಿಯಾದ ಮೊತ್ತ 235 ಕೋಟಿ. ವ್ಯವಹಾರ ಬಲ್ಲವರ ಕಿವಿಗೆ ಬೀಳುವ ಇಂಥ ಅಪಸ್ವರವನ್ನು ಯಾವ ಸೂತ್ರವೂ ಕೇಳಿಸಿಕೊಳ್ಳುವುದಿಲ್ಲ.

ಅಲ್ಪವಿರಾಮಗಳದ್ದು ಸಣ್ಣ ವಿಷಯ: 1,234,567 ಇದ್ದದ್ದು ಎಲ್ಲ ಕಡೆ 12,34,567 ಆಗಿರಬೇಕು, ಅರ್ಧ ಹಾಗೆ ಅರ್ಧ ಹೀಗೆ ಇರಬಾರದು. ಇದನ್ನು ಕಣ್ಣೇ ನೋಡಬೇಕು.

ನನಗೆ ಹಣ ಸಿಗುವುದು ಪದಕ್ಕಿಷ್ಟು ಎಂದು, ಮತ್ತು ಇಂಥ ವರದಿಗಳು ಬರುವುದು ವಾರ್ಷಿಕ ಸಭೆಗಳ ಕಾಲದಲ್ಲಿ ಮಾತ್ರ. ವರ್ಷವಿಡೀ ಚಂದಾ ಕಟ್ಟುವುದು ನನಗೆ ಗಿಟ್ಟುವುದಿಲ್ಲ. ಎಕ್ಸೆಲ್ ಹೇಗೂ ಲ್ಯಾಪ್‌ಟಾಪಿನಲ್ಲಿದೆ. ಹಲವು ಅನುವಾದಕರನ್ನಿಟ್ಟುಕೊಂಡು ಅಂಕಿ ಬದಲಿಸದ ಕೆಲಸ ಮಾಡುವ ಸಂಸ್ಥೆಯವರು ತಂತ್ರಾಂಶ ಕೊಳ್ಳಲಿ. ನನ್ನಂತೆ ಒಬ್ಬರೇ ಕುಳಿತು ಮಾಡುವವರಿಗೆ ಪಟ್ಟಿಗಳಿಗೆ ಹಾಳೆ, ವಾಕ್ಯಗಳಿಗೆ ಲೆಕ್ಕ ಬಲ್ಲ ಹಿರಿಯರೊಬ್ಬರು ಸಾಕು. ಪರಿಶೀಲಿಸುವುದು ಮಾತ್ರ ಪುಟವಿನ್ಯಾಸ ಮುಗಿದ ಮೇಲೆ ಬರುವ ಪ್ರತಿಯನ್ನಾಗಿರಲಿ. ವರ್ಡ್ ಕಡತದಲ್ಲಿ ಸರಿಯಿದ್ದ (2,123) ಪ್ರೆಸ್ಸಿನ ಕಿರಿದಾದ ಅಂಕಣದಲ್ಲಿ ಮುರಿದು, ಮುಚ್ಚುವ ಆವರಣ ಕೆಳಗಿನ ಸಾಲಿಗೆ ಜಾರಿದ್ದನ್ನು ನಾನು ಹಿಡಿದದ್ದು ಆ ಕೊನೆಯ ಪ್ರತಿಯಲ್ಲೇ.