ಬರೀ ಯೂರಿಯಾ, ನ್ಯಾನೋ ಬಾಟಲಿ, ಕಾಂಪ್ಲೆಕ್ಸ್: ಮೆಕ್ಕೆಜೋಳಕ್ಕೆ ಮೂರನ್ನೂ ಹಾಕಿ ನೋಡಿದ ಮೇಲೆ

ನನ್ನ ಆಯ್ಕೆ 20:20:0:13 ಕಾಂಪ್ಲೆಕ್ಸ್ ಗೊಬ್ಬರ, ಜೊತೆಗೆ ಎಕರೆಗೆ ಒಂದೇ ಚೀಲ ಯೂರಿಯಾ. ಕೈಯಿಂದ ಹೆಚ್ಚು ದುಡ್ಡು ಹೋಗುವುದು ಇದಕ್ಕೇ. ಆದರೂ ಇದನ್ನೇ ಏಕೆ ಹಿಡಿದೆ ಎಂದು ಹೇಳಬೇಕಾದರೆ ಯೂರಿಯಾ ಚೀಲದ ಬೆಲೆಯಿಂದಲೇ ಶುರು ಮಾಡಬೇಕು.

ನಮ್ಮದು ಹಾವೇರಿ ಕಡೆಯ ಮಳೆಯಾಶ್ರಿತ ಕಪ್ಪು ನೆಲ. ಒಂದೇ ಹೊಲ, ಒಂದೇ ಬೀಜ, ಒಂದೇ ದಿನದ ಬಿತ್ತನೆ. ಗೊಬ್ಬರ ಮಾತ್ರ ಎಕರೆಗೊಂದು ಬಗೆ.

45 ಕೆ.ಜಿ. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. ಅದರಲ್ಲಿ ಶೇ. 46ರಷ್ಟು, ಅಂದರೆ 20.7 ಕೆ.ಜಿ. ಸಾರಜನಕ ಇರುತ್ತದೆ. ಒಂದು ಕೆ.ಜಿ. ಸಾರಜನಕ ಹದಿಮೂರು ರೂಪಾಯಿಯೊಳಗೆ ಬಂತು. ಇಷ್ಟು ಅಗ್ಗಕ್ಕೆ ಬೇರೆ ಯಾವ ಪೋಷಕಾಂಶವೂ ಅಂಗಡಿಯಲ್ಲಿ ಸಿಗುವುದಿಲ್ಲ. ಚೀಲದ ನಿಜವಾದ ವೆಚ್ಚ ಸುಮಾರು 2,200 ರೂಪಾಯಿ ಎಂದು ಕೇಂದ್ರ ಸರ್ಕಾರವೇ 2023ರಲ್ಲಿ ಹೇಳಿತ್ತು. ನಡುವಿನ ಹಣ ರೈತನ ಖಾತೆಗೆ ಬರುವುದಿಲ್ಲ. ಅಂಗಡಿಯ ಪಿಒಎಸ್ ಯಂತ್ರದಲ್ಲಿ ನಾವು ಹೆಬ್ಬೆಟ್ಟು ಒತ್ತಿದ ಮೇಲೆ ಗೊಬ್ಬರ ಕಂಪನಿಗೆ ಸೇರುತ್ತದೆ. ಹೆಚ್ಚು ಚೀಲ ಕೊಂಡವನಿಗೆ ಹೆಚ್ಚು ಸಹಾಯ ಎನ್ನುವುದೇ ಇದರ ಲೆಕ್ಕ. ನಾಲೆಯ ನೀರಿನಲ್ಲಿ ಎರಡು ಬೆಳೆ ಭತ್ತ ತೆಗೆಯುವವನ ಪಾಲು ದೊಡ್ಡದು, ಎರಡೆಕರೆ ರಾಗಿಯವನದು ಚಿಕ್ಕದು.

ಈ ಅಂತರ ಹಿಗ್ಗಿದ್ದು 2010ರಿಂದ ಈಚೆಗೆ. ಆ ವರ್ಷ ರಂಜಕ, ಪೊಟ್ಯಾಷ್ ಗೊಬ್ಬರಗಳಿಗೆ ಕೆ.ಜಿ. ಪೋಷಕಾಂಶಕ್ಕೆ ಇಷ್ಟು ಎಂದು ಸಬ್ಸಿಡಿ ನಿಗದಿ ಮಾಡಿ, ಮಾರಾಟದ ಬೆಲೆಯನ್ನು ಕಂಪನಿಗಳಿಗೆ ಬಿಟ್ಟರು. ಯೂರಿಯಾವನ್ನು ಮಾತ್ರ ಈ ಪದ್ಧತಿಗೆ ತರಲಿಲ್ಲ. ಎರಡೇ ವರ್ಷದಲ್ಲಿ ಡಿಎಪಿ, ಪೊಟ್ಯಾಷ್ ಬೆಲೆ ಎರಡು ಮೂರು ಪಟ್ಟು ಏರಿತು, ಯೂರಿಯಾ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ದೇಶದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಬಳಕೆಯ ಪ್ರಮಾಣ 2009-10ರಲ್ಲಿ 4.3:2:1 ಇದ್ದದ್ದು 2012-13ಕ್ಕೆ 8.2:3.2:1 ಆಯಿತು. ರೈತನಿಗೆ ಮಣ್ಣಿನ ಅರಿವಿಲ್ಲ ಎಂದು ಬೈಯುವವರು ಒಮ್ಮೆ ಅಂಗಡಿಯ ಬೆಲೆಪಟ್ಟಿ ನೋಡಲಿ.

ಬರೀ ಯೂರಿಯಾ ಹಾಕಿದ ಎಕರೆಗೆ ಮೂರು ಚೀಲ ಹೋಯಿತು. ನಮ್ಮ ಕಡೆ ಬಹುತೇಕರು ಹಾಕುವುದೂ ಅಷ್ಟೇ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಶಿಫಾರಸು ಹೆಕ್ಟೇರಿಗೆ 100 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ, 25 ಕೆ.ಜಿ. ಪೊಟ್ಯಾಷ್, ಅಂದರೆ ಎಕರೆಗೆ 40, 20, 10. ಮೂರು ಚೀಲವೆಂದರೆ 62 ಕೆ.ಜಿ. ಸಾರಜನಕ, ಉಳಿದೆರಡೂ ಸೊನ್ನೆ. ಮಳೆ ಬಿದ್ದ ಮೇಲೆ ನಾಲ್ಕೈದು ದಿನಕ್ಕೆ ಎಲೆ ಕಪ್ಪುಹಸಿರಿಗೆ ತಿರುಗಿತು. ದಾರಿಹೋಕರೆಲ್ಲ ಮೆಚ್ಚಿದ್ದು ಅದೇ ಹೊಲವನ್ನು. ತೆನೆ ಸುಲಿದಾಗ ತುದಿಯ ಒಂದೆರಡು ಬೆರಳಷ್ಟು ಜಾಗದಲ್ಲಿ ಕಾಳೇ ಕಟ್ಟಿರಲಿಲ್ಲ. ಕೆಳಗಿನ ಎಲೆಗಳ ಅಂಚು ಸುಟ್ಟಂತೆ ಒಣಗಿತ್ತು. ಅದು ಪೊಟ್ಯಾಷ್ ಕೊರತೆಯ ಗುರುತು. ಸಾರಜನಕ ಕಡಿಮೆಯಾಗಿದ್ದರೆ ಹಳದಿ ಬಣ್ಣ ಅಂಚಿನಿಂದಲ್ಲ, ಎಲೆಯ ತುದಿಯಿಂದ ನಡುನರದ ಗುಂಟ ಇಳಿಯುತ್ತದೆ. ಈ ಎರಡನ್ನು ಬೇರ್ಪಡಿಸಿ ನೋಡದೆ, ಎಲೆ ಒಣಗಿತೆಂದು ಇನ್ನೊಂದು ಚೀಲ ಯೂರಿಯಾ ಎರಚುವವರೇ ಹೆಚ್ಚು. ಗಾಳಿಮಳೆಗೆ ಮೊದಲು ಮಲಗಿದ್ದೂ ಈ ಎಕರೆಯ ದಂಟೇ.

ಇನ್ನು ಆ ಬಾಟಲಿ. ನ್ಯಾನೋ ಯೂರಿಯಾವನ್ನು ನಾನು ಕೇಳಿ ತಂದದ್ದಲ್ಲ, ಅದು ನನ್ನ ತಲೆಗೆ ಬಂದದ್ದು. ಬಿತ್ತನೆಯಾಗಿ ತಿಂಗಳಾದ ಮೇಲೆ ಒಳ್ಳೆಯ ಹದವಿದ್ದಾಗ ಎಲ್ಲರಿಗೂ ಒಂದೇ ವಾರದಲ್ಲಿ ಯೂರಿಯಾ ಬೇಕು. ಅಂಗಡಿಯ ಮುಂದೆ ಸರತಿ. ನಾಲ್ಕು ಚೀಲ ಕೇಳಿದರೆ ಎರಡು ಬಾಟಲಿ ‘ಲಿಂಕ್’. ಬೇಡವೆಂದೆ. “ಹಾಗಾದರೆ ಲೋಡ್ ಖಾಲಿಯಾಯಿತು ಎಂದುಕೊಳ್ಳಿ ಗೌಡರೇ” ಎಂದು ಅಂಗಡಿಯವನು ನನ್ನ ಹಿಂದಿನವನ ಆಧಾರ್ ಕಾರ್ಡಿಗೆ ಕೈ ಚಾಚಿದ. ಬಾಟಲಿಗೆ 225 ರೂಪಾಯಿ, ರಸೀದಿ ಬೇರೆ. ಹೀಗೆ ಗಂಟು ಹಾಕಿ ಮಾರಬಾರದೆಂದು ಕೃಷಿ ಇಲಾಖೆ ಪ್ರತಿ ಮುಂಗಾರಿನಲ್ಲೂ ಎಚ್ಚರಿಸುತ್ತದೆ. ಪ್ರತಿ ಮುಂಗಾರಿನಲ್ಲೂ ಗಂಟು ಬೀಳುತ್ತದೆ.

ಅಂಗಡಿಯವನ ಮೇಲೆ ಸಿಟ್ಟು ಬಂದರೂ ಅವನ ಲೆಕ್ಕವನ್ನೂ ನೋಡಬೇಕು. ಯೂರಿಯಾ ಮಾರಾಟಕ್ಕೆ ಅವನಿಗೆ ಸಿಗುವ ಕಮಿಷನ್ ಟನ್ನಿಗೆ 354 ರೂಪಾಯಿ, ಚೀಲಕ್ಕೆ ಹದಿನಾರು. ಹಮಾಲಿ, ಬಾಡಿಗೆ, ಯಂತ್ರದ ಮುಂದೆ ಕೂರುವ ಹುಡುಗನ ಸಂಬಳ, ಎಲ್ಲ ಅದರಲ್ಲೇ. ಬೆಲೆ ಏರಿಸುವಂತಿಲ್ಲ. ಬೆಲೆ ಕಟ್ಟಿಹಾಕಿದ ಸರಕಿನ ಹಿಂದೆ ಬೆಲೆ ಕಟ್ಟಿಹಾಕದ ಸರಕು ನುಗ್ಗುವುದು ಇಲ್ಲಿಯೇ. ಬಾಟಲಿಗೆ ಸಬ್ಸಿಡಿಯಿಲ್ಲ, ಲಾಭಾಂಶ ಬೇರೆ, ಮೇಲಿನಿಂದ ಗುರಿಯ ಒತ್ತಡವೂ ಇರುತ್ತದೆ.

ನಾಲ್ಕು ಚೀಲಕ್ಕೆ 1,066, ಎರಡು ಬಾಟಲಿಗೆ 450, ಒಟ್ಟು 1,516. ಅಂದರೆ ನಾನು ಕೊಂಡ ಯೂರಿಯಾ ಚೀಲಕ್ಕೆ 379 ರೂಪಾಯಿ. ಮುದ್ರಿತ ಬೆಲೆಗೂ ಇದಕ್ಕೂ ಇರುವ 112 ರೂಪಾಯಿ ಯಾವ ಸರ್ಕಾರಿ ಪಟ್ಟಿಯಲ್ಲೂ ಕಾಣುವುದಿಲ್ಲ. ಹಾಗಿದ್ದೂ ಸಾರಜನಕ ಕೆ.ಜಿ.ಗೆ ಹದಿನೆಂಟು ರೂಪಾಯಿ ಚಿಲ್ಲರೆಗೆ ಬೀಳುತ್ತದೆ, ಇನ್ನೂ ಅಗ್ಗವೇ. ಆದ್ದರಿಂದ ಬೈದುಕೊಂಡೇ ಎಲ್ಲರೂ ಕೊಳ್ಳುತ್ತಾರೆ.

ಬಂದ ಬಾಟಲಿಯನ್ನು ಚೆಲ್ಲುವುದೇಕೆ ಎಂದು ಮೂರನೆಯ ಎಕರೆಗೆ ಸಿಂಪಡಿಸಿದೆ. ಮೊದಲು ಬಂದ ಬಾಟಲಿಗಳಲ್ಲಿ ಸಾರಜನಕ ಶೇ. 4, ಅರ್ಧ ಲೀಟರಿಗೆ 20 ಗ್ರಾಂ. ಈಚಿನದರಲ್ಲಿ ಶೇ. 20, ಅಂದರೆ 100 ಗ್ರಾಂ. ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎಂದು ಪ್ರಚಾರ ಮಾಡಿದರು. ಚೀಲದಲ್ಲಿರುವುದು ಇಪ್ಪತ್ತು ಕೆ.ಜಿ. ಗಿಡ ಎಲೆಯಿಂದ ಎಷ್ಟೇ ಚೆನ್ನಾಗಿ ಹೀರಿದರೂ ಇಲ್ಲದ್ದನ್ನು ಹೀರಲಾರದು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಕ್ಷೇತ್ರ ಪ್ರಯೋಗದಲ್ಲೂ ಚೀಲದ ಬದಲು ಬಾಟಲಿ ಬಳಸಿದಾಗ ಗೋಧಿ, ಭತ್ತದ ಇಳುವರಿ ಇಳಿದಿತ್ತು. ನನ್ನ ಹೊಲದಲ್ಲಿ ಎಲೆಗೆ ಸ್ವಲ್ಪ ಹೊಳಪು ಬಂತು. ಸಿಂಪಡಿಸಿದ ಆಳಿನ ಕೂಲಿ ಬಾಟಲಿಯ ಬೆಲೆಯನ್ನೇ ಮೀರಿಸಿತು.

ಕಾಂಪ್ಲೆಕ್ಸ್ ಎಕರೆಯ ಲೆಕ್ಕ ಹೀಗೆ: ಬಿತ್ತುವಾಗ ಎರಡು ಚೀಲ 20:20:0:13, ಅದರಿಂದ 20 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ, ಜೊತೆಗೆ 13 ಕೆ.ಜಿ. ಗಂಧಕ. ಬಿತ್ತುವಾಗಲೇ ಹದಿನೇಳು ಕೆ.ಜಿ. ಪೊಟ್ಯಾಷ್ ಗೊಬ್ಬರ. ಉಳಿದ ಸಾರಜನಕಕ್ಕೆ ಒಂದು ಚೀಲ ಯೂರಿಯಾ, ಅರ್ಧ ಮೂವತ್ತನೆಯ ದಿನಕ್ಕೆ, ಅರ್ಧ ಸೂಲಂಗಿ ಬರುವ ಮೊದಲು; ಸಾಲಿನ ಪಕ್ಕ ಹಾಕಿ ಕುಂಟೆ ಹೊಡೆಯಬೇಕು, ಮೇಲೆಯೇ ಬಿಟ್ಟರೆ ಗಾಳಿಗೆ ಹೋಗುತ್ತದೆ. ಕಾಂಪ್ಲೆಕ್ಸ್ ಚೀಲಕ್ಕೆ 1,300ರ ಆಸುಪಾಸು ಹಿಡಿದರೆ ಒಟ್ಟು 3,400 ರೂಪಾಯಿ. ಯೂರಿಯಾ ಎಕರೆಗೆ ಬಾಟಲಿ ಬಿಟ್ಟು 800. ತೂಕಕ್ಕೆ ಇಟ್ಟಾಗ ಕಾಂಪ್ಲೆಕ್ಸ್ ಎಕರೆಯಲ್ಲಿ ಮೂರು ಕ್ವಿಂಟಲ್‌ನಷ್ಟು ಹೆಚ್ಚು ಬಂತು. ಕ್ವಿಂಟಲ್‌ಗೆ 1,800 ಹಿಡಿದರೆ 5,400. ಹೆಚ್ಚಿನ ಖರ್ಚು ಕಳೆದು 2,800 ಉಳಿಯಿತು. ದರ ಸುಮಾರು 870ರ ಕೆಳಗೆ ಕುಸಿದರೆ ಮಾತ್ರ ಈ ಮಾತು ನಿಲ್ಲುವುದಿಲ್ಲ.

ಡಿಎಪಿ ಒಂದು ಚೀಲಕ್ಕೆ 1,350. ಅದರ ಜೊತೆ ಒಂದೂವರೆ ಚೀಲ ಯೂರಿಯಾ ಸೇರಿಸಿದರೆ ಸಾರಜನಕ, ರಂಜಕ ಇನ್ನೂ ಅಗ್ಗಕ್ಕೆ ಹೊಂದುತ್ತದೆ, ಗಂಧಕ ಇರುವುದಿಲ್ಲ. ಬಿತ್ತನೆಯ ವಾರದಲ್ಲಿ ಸಿಕ್ಕರೆ ತನ್ನಿ, ನನಗೆ ಸಿಕ್ಕಿಲ್ಲ.

ನನಗೆ ಕಾಂಪ್ಲೆಕ್ಸ್ ಒಗ್ಗುವುದಕ್ಕೆ ಇನ್ನೊಂದು ಕಾರಣ, ಬೇಸಿಗೆಯಲ್ಲೇ ತಂದು ಮನೆಯಲ್ಲಿ ಜೋಡಿಸಿಡುವ ನನ್ನ ರೂಢಿ. ಆಗ ಸರತಿಯೂ ಇಲ್ಲ, ಲಿಂಕ್ ಕೂಡ ಇಲ್ಲ. ಆದರೆ ಅದಕ್ಕೆ ಮೇ ತಿಂಗಳಲ್ಲಿ ಕೈಯಲ್ಲಿ ದುಡ್ಡಿರಬೇಕು. ಕೋರು ಹೊಲ ಮಾಡುವ ನಮ್ಮ ಪಕ್ಕದವನಿಗೆ ಇದನ್ನು ಹೇಳಿದಾಗ ಅವನು ನಕ್ಕ. ಬೀಜ ತಂದದ್ದೇ ಸಾಲದಲ್ಲಿ. ಎಕರೆಗೆ 3,400 ಎಲ್ಲಿಂದ ತರುತ್ತಾನೆ? ಅವನು ಈ ಸಲವೂ ಮೂರು ಚೀಲ ಯೂರಿಯಾವನ್ನೇ ಹಾಕುತ್ತಾನೆ, ಬಾಟಲಿಯನ್ನೂ ಕೊಳ್ಳುತ್ತಾನೆ.