ಕಾಪು ಬೀಚಿನಲ್ಲಿ ಅಕ್ಕನ ಹಣೆ: ಟಿಶ್ಯೂ, ಪೋಲರೈಸರ್, ಕಪ್ಪು ಬಟ್ಟೆ

ಡಿಸೆಂಬರಿನ ಒಂದು ಬೆಳಗ್ಗೆ, ಹತ್ತು ಗಂಟೆ. ಕಾಪು ಲೈಟ್‌ಹೌಸ್ ಪಕ್ಕದ ಮರಳಲ್ಲಿ ಅಕ್ಕನ ಫೋಟೋ ತೆಗೆಯುತ್ತಿದ್ದೆ. ಬೆಳಕು ಅತಿಯಾದ ಜಾಗವನ್ನು ಮಿಣುಕಿಸಿ ತೋರಿಸುವ ಕ್ಯಾಮೆರಾದ ಹೈಲೈಟ್ ಎಚ್ಚರಿಕೆ ಹಾಕಿಕೊಂಡಿದ್ದೆ. ಅವಳ ಹಣೆ, ಮೂಗಿನ ತುದಿ, ಗದ್ದದ ಕೆಳಗೆ ಮೂರೂ ಕಡೆ ಮಿಣುಕ್ ಮಿಣುಕ್. ಅಲ್ಲಿ ಬಿಳುಪು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಮೂರು ಉಪಾಯ ಒಂದಾದ ಮೇಲೊಂದು ಮಾಡಿ ನೋಡಿದೆ.

ಮೊದಲು ಟಿಶ್ಯೂ. ಒರೆಸಬಾರದು, ಒತ್ತಿ ತೆಗೆಯಬೇಕು. ಒರೆಸಿದರೆ ಬೆವರು, ಸನ್‌ಸ್ಕ್ರೀನ್ ಎರಡೂ ಮುಖವೆಲ್ಲ ಹರಡುತ್ತವೆ. ಒತ್ತಿದ ಮೇಲೆ ತೆಳುವಾಗಿ ಪೌಡರ್ ಹಾಕಿದೆವು. ಹಣೆಯ ಮಿಣುಕು ಕೂಡಲೇ ಹೋಯಿತು. ಆದರೆ ಕರಾವಳಿಯ ಸೆಕೆ, ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಎರಡನೇ ಸಲ ಅಕ್ಕ ಅವಸರದಲ್ಲಿ ಬೆವರಿನ ಮೇಲೇ ಪೌಡರ್ ಹಚ್ಚಿಕೊಂಡಳು. ಹಿಟ್ಟು ಮೆತ್ತಿದ ಹಾಗೆ ಆಯಿತು, ಅದು ಫೋಟೋದಲ್ಲಿ ಇನ್ನೂ ಜಾಸ್ತಿ ಕಾಣುತ್ತದೆ.

ಆಮೇಲೆ ಪೋಲರೈಸರ್ ಫಿಲ್ಟರ್, ಲೆನ್ಸಿನ ಮುಂದೆ ಹಾಕಿ ತಿರುಗಿಸಿ ಹೊಳಪು ತಗ್ಗಿಸುವ ಗಾಜು. ಇದರ ಮೇಲೆ ನನಗೆ ಭಾರೀ ನಂಬಿಕೆ ಇತ್ತು. ಸೂರ್ಯ ಹೆಚ್ಚುಕಡಿಮೆ ನನ್ನ ಬೆನ್ನ ಹಿಂದೆ ಇದ್ದಾಗ ಎಷ್ಟು ತಿರುಗಿಸಿದರೂ ಹಣೆ ಹಾಗೇ ಹೊಳೆಯಿತು. ಬೆಳಕು ಚರ್ಮಕ್ಕೆ ನೇರವಾಗಿ ಬಡಿದು ಬಂದ ದಾರಿಗೇ ವಾಪಸಾದರೆ ಫಿಲ್ಟರ್‌ಗೆ ತಡೆಯಲು ಏನೂ ಸಿಗುವುದಿಲ್ಲ. ಓರೆಯಾಗಿ ಬಡಿದು ಜಾರಿ ಬಂದ ಹೊಳಪನ್ನು ಮಾತ್ರ ಅದು ಚೆನ್ನಾಗಿ ಹಿಡಿಯುತ್ತದೆ. ಅಕ್ಕನನ್ನು ತಿರುಗಿಸಿ, ಬಿಸಿಲು ಬದಿಯಿಂದ ಬರುವ ಹಾಗೆ ನಿಲ್ಲಿಸಿದೆ. ಕೆನ್ನೆಯ ಹೊಳಪು ಕಣ್ಣೆದುರೇ ಇಳಿಯಿತು, ಹಿಂದಿನ ಒದ್ದೆ ಮರಳಿನ ಕೋರೈಸುವಿಕೆಯೂ ಹೋಯಿತು. ಆದರೆ ಹೊಳಪು ಪೂರ್ತಿ ಹೋಗುವ ತನಕ ಫಿಲ್ಟರ್ ತಿರುಗಿಸಿದಾಗ ಮುಖ ಸತ್ತ ಹಾಗಾಯಿತು, ಜೀವವೇ ಇಲ್ಲ. ಸ್ವಲ್ಪ ಹೊಳಪು ಇರಬೇಕು ಅಲ್ವಾ? ಅರ್ಧಕ್ಕೆ ನಿಲ್ಲಿಸಿದೆ. ಬೆಳಕಿನ ನಷ್ಟವೂ ಇದೆ: 1/1000ರಲ್ಲಿದ್ದ ಶಟರ್ ಸುಮಾರು 1/320ಕ್ಕೆ ಇಳಿಯಿತು. ಅಂಥ ಬಿಸಿಲಲ್ಲಿ ಅದು ದೊಡ್ಡ ವಿಷಯವಲ್ಲ.

ಗದ್ದದ ಕೆಳಗಿನ ಬಿಳುಪು ಮಾತ್ರ ಎರಡಕ್ಕೂ ಬಗ್ಗಲಿಲ್ಲ. ಅದು ಬರುತ್ತಿದ್ದದ್ದು ಕೆಳಗಿನಿಂದ, ಒಣ ಮರಳಿಂದ. ಕಾರಿನಲ್ಲಿದ್ದ ಕಪ್ಪು ಬೆಡ್‌ಶೀಟ್ ತಂದು ಅವಳ ಕಾಲ ಮುಂದೆ, ಚೌಕಟ್ಟಿನ ಹೊರಗೆ ಹಾಸಿದೆ. ನಾಲ್ಕು ಮೂಲೆಗೂ ಚಪ್ಪಲಿ, ಬ್ಯಾಗು. ಗದ್ದ ಮುಖದಿಂದ ಬೇರೆಯಾಗಿ ಕಂಡಿತು, ಕಣ್ಣಿನ ಕೆಳಗೆ ಬೀಳುತ್ತಿದ್ದ ಬೆಳಕೂ ಹೋಯಿತು. ದುಡ್ಡೇ ಖರ್ಚಿಲ್ಲದ ಉಪಾಯ ಇದು. ಆದರೆ ಸೊಂಟದವರೆಗಿನ ಫೋಟೋಗೆ ಮಾತ್ರ, ಪೂರ್ತಿ ಆಳು ಬೇಕೆಂದರೆ ಬೆಡ್‌ಶೀಟೂ ಬರುತ್ತದೆ. ಮೇಲಿನ ಬಿಸಿಲಿಗೆ ಇದು ಏನೂ ಮಾಡುವುದಿಲ್ಲ.

ಒಂದೇ ಒಯ್ಯಬೇಕು ಅಂದರೆ ನಾನು ಟಿಶ್ಯೂ ಒಯ್ಯುತ್ತೇನೆ, ಜಿಡ್ಡೇ ಇಲ್ಲದಿದ್ದರೆ ಫಿಲ್ಟರ್‌ಗೆ ಅರ್ಧ ಕೆಲಸ ಕಡಿಮೆ. ಎರಡನೆಯದು ಬೆಡ್‌ಶೀಟ್. ಪೋಲರೈಸರ್ ಮೂರನೆಯದು, ಅದೂ ಬದಿಯ ಬಿಸಿಲು ಸಿಕ್ಕಿದ ದಿನ. ಬೆಡ್‌ಶೀಟಿನ ಮರಳು ಮಾತ್ರ ಇನ್ನೂ ಕಾರಿನಲ್ಲಿದೆ.